ಸಾವ್ಕಾರರ ಮನೆಯ ಪ್ರಳಯ

ಜುಗೂಳದ ಮುರಗೆಪ್ಪ ಸಾವ್ಕಾರರಿಗೆ ಕಬ್ಬು ಇತ್ತು, ದ್ರಾಕ್ಷಿ ಇತ್ತು, ಒಂದು ಕಾಲೇಜಿನ ಅಧ್ಯಕ್ಷಗಿರಿ ಇತ್ತು. ಸಾಲದ್ದಕ್ಕೆ ಮನೆಯಲ್ಲಿ ಲೋಕ ಮುಳುಗುವ ಪುಸ್ತಕವೂ ಇತ್ತು. ಪ್ರತಿ ಯುಗಾದಿಗೆ ಆ ಕಾಲಜ್ಞಾನವನ್ನು ಅಂಗಳದಲ್ಲಿ ಓದಿಸುತ್ತಿದ್ದರು, ಊರು ಬಾಯಿ ತೆರೆದು ಕೇಳುತ್ತಿತ್ತು. ಈಗ ಅವರ ಅಭಿನಂದನಾ ಗ್ರಂಥಕ್ಕೆ ಅದರ ಮೇಲೊಂದು ಲೇಖನ ಬೇಕಾಗಿ, ಕೆಲಸ ಸರಿತಾಳ ತಲೆಗೆ ಬಂತು.

ಸರಿತಾ ಅದೇ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಬೌದ್ಧರ ಕೇರಿಯವಳು. ಅವ್ವ ಶೇವಂತಾ ಸಾವ್ಕಾರರ ದ್ರಾಕ್ಷಿ ತೋಟದಲ್ಲಿ ಕೂಲಿ. ಸಾವ್ಕಾರರು ವರ್ಷ ವರ್ಷವೂ ಹೂಂ ಅಂದರಷ್ಟೇ ಮಗಳ ನೌಕರಿ ಉಳಿಯುತ್ತಿತ್ತು.

"ಐನೂರು ವರ್ಷದ ಹಿಂದ ನಮ್ಮ ಹಿರ್ಯಾರು ಬರದಾರ. ಮಹಾಪೂರ ಹೇಳ್ಯಾರ, ಕೊರೋನಾ ಹೇಳ್ಯಾರ. ಒಂದೂ ಸುಳ್ಳಾಗಿಲ್ಲ. ಹಂಗ ಬರೀರಿ ಮ್ಯಾಡಂ," ಅಂದರು ಸಾವ್ಕಾರರು.

"ಇದು ಬಾಲ್‌ಪೆನ್ನಿಂದ ಬರದೈತಲ್ರಿ?"

"ಹುಳಾ ಹಿಡದ್ರ ಹೊಸಾ ಪ್ರತಿಗೆ ಇಳಸ್ತೀವಿ, ಹಳೇದನ್ನ ಹೊಳಿಗೆ ಬಿಡ್ತೀವಿ. ನಮ್ಮ ಮನಿ ಪದ್ಧತಿ. ಇದು ನನ್ನ ಕೈಬರಾನ," ಎಂದು ಎದೆ ಉಬ್ಬಿಸಿದರು.

ಹಳೆಯ ಪ್ರತಿಗಳು ಕೃಷ್ಣೆಯ ಪಾಲಾದವು, ಇನ್ನು ಕೇಳುವವರಿಲ್ಲ ಎಂದು ಅವರ ಧೈರ್ಯ. ಪಾಪ, ಇಂಥ ಬರಹದ ಕಾಲ ಗುರುತಿಸಲು ಹಳೆಯ ಕಾಗದವೇ ಬೇಕಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಭವಿಷ್ಯ ಎಲ್ಲಿಯವರೆಗೆ ಕರಾರುವಾಕ್ಕಾಗಿ ನಿಜವಾಗುತ್ತದೋ ಅಲ್ಲಿಯವರೆಗೆ ಅದು ಆಗಿಹೋದ ಸುದ್ದಿ. ಎಲ್ಲಿ ತಪ್ಪಲು ಶುರುವಾಗುತ್ತದೋ ಆ ಹೊತ್ತಿನಲ್ಲಿ ಬರೆದವನು ಕೂತಿದ್ದಾನೆ. ಅವನಿಗೆ ಯಾವುದು ಪ್ರಳಯವಾಗಿ ಕಂಡಿತು ಎಂದು ನೋಡಿದರೆ ಅವನು ಯಾರೆಂಬುದೂ ತಿಳಿಯುತ್ತದೆ.

ಸರಿತಾ ಓದುತ್ತಾ ಹೋದಳು. "ಧಾತುವಿನಲ್ಲಿ ಮುಗಿಲು ಬತ್ತೀತು. ಈಶ್ವರದಲ್ಲಿ ತಾಯಿ ಕೂಸ ಮಾರಿಯಾಳು. ದೊರೆಯ ಕಾಮಗಾರಿಯಲ್ಲಿ ಗೌಡತಿ ಕಲ್ಲು ಹೊತ್ತು ಕೇರಿಯವರ ಸಾಲಿನಲ್ಲಿ ಗಂಜಿ ಉಂಡಾಳು. ಆಗ ತಿಳಿ, ಲೋಕ ಮುಗಿಯಿತು. ಬಿಳಿ ಕುದುರೆಯ ರಾಯ ಬಂದು ಗೌಡಿಕೆಯ ಮರಳಿ ಕೊಟ್ಟಾನು."

ಧಾತು ಸಂವತ್ಸರ, ಅದರ ಬೆನ್ನಿಗೆ ಈಶ್ವರ, ಅರವತ್ತು ವರ್ಷಕ್ಕೊಮ್ಮೆ ಬರುತ್ತವೆ. ಆದರೆ ಬರವೂ ಸರ್ಕಾರಿ ಕಾಮಗಾರಿಯೂ ಕೂಡಿ ಬಂದ ಧಾತು ಸಾವಿರದ ಎಂಟುನೂರ ಎಪ್ಪತ್ತಾರರದು. ಬರ ಬಂತು, ಕಾಮಗಾರಿ ಬಂತು, ರಾಯ ಮಾತ್ರ ಇವತ್ತಿಗೂ ಬಂದಿಲ್ಲ. ಹಾಗಾಗಿ ಬರೆದದ್ದು ಆ ಬರದ ಬೆನ್ನಿಗೇ. ಐನೂರು ವರ್ಷ ಹೋಗಿ ನೂರೈವತ್ತಕ್ಕೆ ಇಳಿಯಿತು. ಸರಿತಾಳಿಗೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ತಾಯಿ ಕೂಸು ಮಾರಿದಾಗ ಈ ಮಹಾನುಭಾವರ ಲೋಕ ಮುಗಿದಿರಲಿಲ್ಲ, ಗೌಡತಿ ಸರಿತಾಳ ಮುತ್ತಜ್ಜಿಯರ ಪಕ್ಕ ಕೂತು ಉಂಡಾಗ ಮುಗಿಯಿತು! ಥೂ, ಅಂದಳು.

ಕಡೆಯ ಪುಟ ಇನ್ನೂ ಚೆಂದ. "ವಿಕಾರಿಯಲ್ಲಿ ಹೊಳೆ ಊರ ನುಂಗೀತು. ಶಾರ್ವರಿಯಲ್ಲಿ ಜನ ಬಾಯಿ ಕಟ್ಟಿ ತಿರುಗಿಯಾರು. ಪ್ಲವದಲ್ಲಿ ಸಕ್ಕರೆಯ ಗದ್ದುಗೆ ಈ ಮನೆಗೆ ಬಂದೀತು." ಮಹಾಪೂರ ಬಂದಿತ್ತು, ಮಾಸ್ಕೂ ಬಂದಿತ್ತು. ಪ್ಲವದ ವರ್ಷ ಸಕ್ಕರೆ ಕಾರ್ಖಾನೆಯ ಚುನಾವಣೆಯಲ್ಲಿ ಮುರಗೆಪ್ಪ ಸಾವ್ಕಾರರು ಮಕಾಡೆ ಬಿದ್ದಿದ್ದರು. ಅಂದರೆ ಈ ಪುಟ ಹುಟ್ಟಿದ್ದು ಮಾಸ್ಕಿನ ನಂತರ, ಮತಪೆಟ್ಟಿಗೆಯ ಮೊದಲು.

"ಲೇಖನದಾಗ ಆ ಕಡೀ ಪುಟಾ ಒಂದ ಬಿಡು ಯವ್ವಾ, ನೌಕರಿ ಉಳೀತೈತಿ," ಎಂದಳು ಶೇವಂತಾ.

"ಬಿಟ್ರ ಅದು ಇತಿಹಾಸ ಅಲ್ಲಬೇ, ಅವ್ರ ಕೊರಳಿಗೆ ಹಾರ."

ಸರಿತಾ ಬಿಡಲಿಲ್ಲ. ಅಭಿನಂದನಾ ಗ್ರಂಥಗಳನ್ನು ಯಾರು ಓದುತ್ತಾರೆ? ಸಂಪಾದಕರು ತಮ್ಮ ಫೋಟೋ ಎಲ್ಲಿದೆ ಎಂದಷ್ಟೇ ನೋಡಿ ಅಚ್ಚಿಗೆ ಕಳಿಸಿದರು. ಕಾಗವಾಡದಲ್ಲಿ ಬಿಡುಗಡೆಯ ದಿನ, ಲೇಖನದ ಸಾರ ಹೇಳಲು ಅವಳನ್ನು ವೇದಿಕೆಯ ಕುರ್ಚಿಗೆ ಕರೆದರು. ಹೇಳಿದಳು. ಸಕ್ಕರೆಯ ಗದ್ದುಗೆಗೆ ಬರುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಸಭೆಯೇ ಘೊಳ್ಳೆಂದು ನಕ್ಕಿತು. ಶಾಲು ಹೊದ್ದ ಸಾವ್ಕಾರರ ಮುಖ ಕಪ್ಪಿಟ್ಟಿತು.

ಮುಂದಿನ ವರ್ಷದ ನೇಮಕದಲ್ಲಿ ಸರಿತಾಳ ಹೆಸರಿರಲಿಲ್ಲ. ಗೊತ್ತಿದ್ದದ್ದೇ. ಆದರೂ ಅತ್ತಳು. ಅಥಣಿಯಲ್ಲಿ ಟ್ಯೂಶನ್ ಹೇಳಲು ಹೋಗತೊಡಗಿದಳು.

ಯುಗಾದಿ ಬಂತು. ತೋಟದ ಕೂಲಿಯವರೆಲ್ಲ ಓದು ಕೇಳಲು ಹೋಗಲೇಬೇಕು. ಶೇವಂತಾ ಹೋದವಳು ಸೆರಗು ಬಾಯಿಗೆ ಒತ್ತಿಕೊಂಡೇ ಮನೆಗೆ ಬಂದಳು.

"ಸಾವ್ಕಾರ ಹೊಸಾ ಪ್ರತಿ ಇಳಿಸ್ಯಾನ. ಹಳೇದಕ್ಕ ಹುಳಾ ಹಿಡದಿತ್ತಂತ, ಹೊಳಿಗೆ ಬಿಟ್ಟಾನ. ಗದ್ದಿಗೀ ಮಾತ ಇಲ್ಲ ಈಗ. ಅದರ ಜಾಗಾದಾಗ ನೀ ಅದಿ."

"ನಾನ?"

"'ಕೇರಿಯ ಹೆಣ್ಣು ಕುರ್ಚಿ ಏರಿ ಹಿರಿಯರ ಬರಹಕ್ಕೆ ತಾರೀಖು ಹಾಕಿಯಾಳು. ಆಗ ತಿಳಿ, ಲೋಕ ಮುಗಿಯಿತು.'"

ಸರಿತಾ ದಂಗಾದಳು. ಮರುಗಳಿಗೆಗೆ ಅವಳೊಳಗಿನ ಇತಿಹಾಸದ ಮಾಸ್ತರಿಣಿ ಎಚ್ಚೆತ್ತಳು. "ಅದರ ಮುಂದ ಏನೈತಿ? ಆಮ್ಯಾಲ ಏನಾಗ್ತೈತಂತ?"

"ಆಕಿ ನಾಲಿಗಿ ಉದುರಿ ಬಿದ್ದೀತು ಅಂತ."

ಸರಿತಾ ಪೂರ್ತಿ ನಾಲಗೆ ಹೊರಚಾಚಿ ಅವ್ವನಿಗೆ ತೋರಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಅವಳು ಲೇಖನ ತೆಗೆದು, ಕಾಲಜ್ಞಾನದ ಈ ಮೂರನೆಯ ಪದರಕ್ಕೂ ತಾರೀಖು ಹಾಕಲು ಕೂತಳು.