ತೊಳೆದ ಉಪ್ಪು

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಈ ಗಾದೆ ಕಟ್ಟಿದವರು ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ಒಂದು ವರ್ಷ ಉಂಡಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು.

ನನ್ನ ಅಣ್ಣ ಚನ್ನಕೇಶವ ಮಿಲಿಟರಿಯಲ್ಲಿದ್ದ. ಅತ್ತಿಗೆ ರಾಮಲಕ್ಷ್ಮಮ್ಮನ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಅವಳ ಮೊದಲ ಮಗಳಿಗೆ ಮೂರು ತುಂಬಿದರೂ ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಊರವರು ಪೂರ್ವಜನ್ಮದ ಪಾಪವೆಂದರು. ನಮ್ಮಮ್ಮ ಅಕ್ಕಯ್ಯಮ್ಮ ಸಮುದ್ರದ ಉಪ್ಪಿನ ದೋಷವೆಂದಳು. ಶಿಡ್ಲಘಟ್ಟದ ಕರೀಂ ಸಾಬರ ಅಂಗಡಿಯಿಂದ ಸೈಂಧವ ಉಪ್ಪು ತರಿಸಿ, ಸೊಸೆಗೆಂದು ಬೇರೆ ಕುಡಿಕೆಯಲ್ಲಿಟ್ಟಳು.

ಅತ್ತಿಗೆ ಮತ್ತೆ ಬಸುರಾದಾಗ ನಾನೇ ಅವಳನ್ನು ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬೇಡವೆಂದರೂ ಅಮ್ಮ ಜೊತೆಗೆ ಬಂದಳು.

"ಊಟದಲ್ಲಿ ಅಯೋಡಿನ್ ಸಾಲದು. ಅದಕ್ಕೇ ಕತ್ತಿನ ಈ ಗಳಗಂಡ. ಮಗುವಿನ ಕಿವಿಗೂ ಅದೇ ಕಾರಣ ಇರಬೇಕು," ಎಂದರು ಡಾಕ್ಟರು.

"ಸೈಂಧವ ಕೊಡ್ತಿದೀನಿ ಸ್ವಾಮಿ. ಅದು ಬೆಟ್ಟದ ಉಪ್ಪು, ಸಮುದ್ರದ ಉಪ್ಪಿನಂಗಲ್ಲ," ಎಂದಳು ಅಮ್ಮ.

"ಅದೂ ಸಮುದ್ರದ್ದೇ ತಾಯಿ. ಎಂದೋ ಬತ್ತಿಹೋದ ಸಮುದ್ರ, ಈಗ ನೆಲದಿಂದ ಅಗೆದು ತೆಗೀತಾರೆ. ಬಣ್ಣ, ರುಚಿ ಒಂಚೂರು ಬೇರೆ, ಅಷ್ಟೆ. ಅಯೋಡಿನ್ ಎರಡರಲ್ಲೂ ಇಲ್ಲವೇ ಇಲ್ಲ ಅನ್ನಬಹುದು. ಕಡಲ ಮೀನಲ್ಲಿದೆ, ಮೊಟ್ಟೆ, ಹಾಲಲ್ಲಿ ಸ್ವಲ್ಪ ಇರ್ತದೆ. ಉತ್ತರದ ಬೆಟ್ಟದ ಸೀಮೆಗೆ ಸರ್ಕಾರದೋರು ಉಪ್ಪಿಗೇ ಅದನ್ನ ಬೆರೆಸಿ ಕಳಿಸ್ತಾರೆ. ಈ ಕಡೆ ಸಿಗಲ್ಲ."

ಕಡಲ ಮೀನು ನಮ್ಮೂರಿಗೆ ಎಲ್ಲಿಂದ ಬರಬೇಕು? ಮೊಟ್ಟೆ ಕೋಳಿಯ ಕಾವಿಗೆ ಹೋಗುತ್ತಿತ್ತು. ಹಾಲು ಕರೆದ ಕೂಡಲೇ ಶಿಡ್ಲಘಟ್ಟದ ಹೋಟೆಲಿಗೆ. ಡಾಕ್ಟರು ಕೊಟ್ಟ ಔಷಧಿಯನ್ನು ಅಮ್ಮ ಮನೆಗೆ ಬಂದವಳೇ ತಿಪ್ಪೆಗೆ ಸುರಿದಳು. "ಉಷ್ಣದ ಔಷಧಿ, ಬಸುರು ನಿಲ್ಲಲ್ಲ," ಎಂದಳು. ನಾನು ಜಗಳವಾಡಿದೆ. ಗಂಡ ಸತ್ತು ತವರು ಸೇರಿದವಳ ಮಾತಿಗೆ ಎಷ್ಟು ಬೆಲೆಯೋ ಅಷ್ಟೇ ಸಿಕ್ಕಿತು.

ಅಣ್ಣನಿಗೆ ಕಾಗದ ಬರೆಸಿ ಹಾಕಿದೆ. ಅವನು ಆಗ ಇದ್ದದ್ದು ಆ ಉತ್ತರದ ಬೆಟ್ಟಗಳಲ್ಲೇ. ಮುಂದಿನ ತಿಂಗಳು ರಜೆಗೆ ಬಂದಾಗ ಹೆಗಲ ಮೇಲೆ ಒಂದು ಚೀಲ ಅಲ್ಲಿನ ಸರ್ಕಾರಿ ಉಪ್ಪು ಹೊತ್ತು ತಂದ. ಹರಳು ಹರಳು ಉಪ್ಪು, ನಡುನಡುವೆ ಕಸ.

"ಔಷಧಿ ಚೆಲ್ತೀಯ ಸರಿ, ಉಪ್ಪು ಯಾರಮ್ಮ ಚೆಲ್ತಾರೆ? ಇದನ್ನೇ ಹಾಕು. ಜಾಡಿ ಬಾಯಿ ಬಿಗಿಯಾಗಿ ಮುಚ್ಚಿಡು," ಎಂದ.

ಅಮ್ಮ ಮಗನ ತಲೆ ಸವರಿ ಹೂಂ ಎಂದಳು. ಮಾತು ಉಳಿಸಿಕೊಂಡಳು ಕೂಡ. ಅತ್ತಿಗೆಯ ಸಾರಿಗೆ, ಮುದ್ದೆಗೆ, ಮಜ್ಜಿಗೆಗೆ ದಿನವೂ ಆ ಉಪ್ಪನ್ನೇ ಹಾಕಿದಳು. ರಜೆ ಮುಗಿಸಿ ಅಣ್ಣ ನಿಶ್ಚಿಂತೆಯಿಂದ ರೈಲು ಹತ್ತಿದ. ನನಗೂ ಧೈರ್ಯ ಬಂತು. ಬೆಳಗಾದರೆ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗುತ್ತಿದ್ದೆ, ಅಡುಗೆಮನೆ ಅಮ್ಮನದಾಗಿತ್ತು.

ಗಂಡು ಮಗು ಹುಟ್ಟಿತು. ಆರು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ತೊಟ್ಟಿಲ ಪಕ್ಕ ತಮಟೆ ಬಡಿದರೂ ಬೆಚ್ಚಲಿಲ್ಲ. ಮತ್ತೆ ಅದೇ ಡಾಕ್ಟರ ಮುಂದೆ ಕೂತೆವು. ಅಣ್ಣ ತಂದ ಉಪ್ಪಿನ ವಿಷಯ ಹೇಳಿದೆ.

"ಆ ಉಪ್ಪನ್ನ ದಿನಾ ಹಾಕಿದ್ರಾ?"

"ದಿನಾ ಸ್ವಾಮಿ. ಸುಮ್ನೆ ಹಾಕ್ಲಿಲ್ಲ, ಚೆನ್ನಾಗಿ ತೊಳೆದು ಹಾಕ್ದೆ. ಮಿಲಿಟರಿ ಉಪ್ಪು, ಯಾರ್ಯಾರು ಮುಟ್ಟಿದ್ರೋ. ಕುಕ್ಕೇಲಿ ಹಾಕಿ ನೀರು ಹುಯ್ದು, ಬಿಸ್ಲಲ್ಲಿ ಹರವಿ, ಬೆಳ್ಳಗೆ ಮಾಡಿಟ್ಟಿದ್ದೆ," ಎಂದಳು ಅಮ್ಮ. ಅವಳ ಮುಖದಲ್ಲಿ ಹೆಮ್ಮೆಯಿತ್ತು. ನಮ್ಮೂರಲ್ಲಿ ಉಪ್ಪು ತೊಳೆಯದ ಹೆಂಗಸು ಗಲೀಜಿನವಳು.

ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಅಯೋಡಿನ್ ಹರಳಿನ ಮೈಮೇಲೆ ಇರ್ತದೆ ತಾಯಿ. ನೀರಿಗೆ ಹೆಚ್ಚುಪಾಲು ಹೊರಟುಹೋಗಿರ್ತದೆ. ಹೋಗದೆ ಇದ್ದಿದ್ರೆ ಮಗು ಸರಿಯಾಗೇ ಹುಟ್ತಿತ್ತು ಅಂತ ನಾನು ಹೇಳಲಾರೆ. ಒಂದು ದಾರಿ ಇತ್ತು, ಅಷ್ಟು ಮಾತ್ರ ಹೇಳಬಲ್ಲೆ."

"ಆ ನೀರು ಏನು ಮಾಡ್ದೆ?" ನಾನು ಅಮ್ಮನನ್ನು ಕೇಳಿದೆ.

"ಉಪ್ಪಿನ ನೀರು ಯಾರಾದ್ರೂ ಚೆಲ್ತಾರಾ? ಕಲಗಚ್ಚಿಗೆ ಹಾಕ್ದೆ. ಹಸು ಕುಡೀತು."

"ಹಾಗಾದ್ರೆ ಸ್ವಲ್ಪ ಹಾಲಿಗಾದರೂ ಬಂದಿರ್ತದೆ," ಎಂದರು ಡಾಕ್ಟರು, ಸಮಾಧಾನ ಹೇಳುವವರಂತೆ. "ಇವರು ಆ ಹಾಲು ಕುಡೀತಿದ್ರಲ್ಲ?"

ಆ ಹಾಲನ್ನು ಅತ್ತಿಗೆ ಕಂಡದ್ದೇ ಇಲ್ಲ. ಶಿಡ್ಲಘಟ್ಟದ ಹೋಟೆಲಿನಲ್ಲಿ ಕಾಫಿ ಕುಡಿದ ರೇಷ್ಮೆಗೂಡಿನ ವ್ಯಾಪಾರಿಗಳು ಗಟ್ಟಿಮುಟ್ಟಾಗಿದ್ದಾರೆ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಮಾರನೆಯ ಬೆಳಿಗ್ಗೆ ಅಮ್ಮ ಹಾಲು ಕರೆದು ಹೋಟೆಲಿನ ಕ್ಯಾನು ಹುಡುಕುತ್ತಿದ್ದಳು. ಎಂದೂ ಎದುರು ಮಾತಾಡದ ಅತ್ತಿಗೆ ಬಂದು ಅವಳ ಕೈಯಿಂದ ಚೊಂಬು ಕಿತ್ತುಕೊಂಡಳು. ನಿಂತಲ್ಲೇ ಗಂಟಲಿನ ಗಂಟು ಮೇಲೆ ಕೆಳಗೆ ಆಡುವಂತೆ ಗಟಗಟ ಕುಡಿದಳು. ಅಮ್ಮನ ಮುಖ ನೋಡುತ್ತಲೇ ಬರಿದಾದ ಹಿತ್ತಾಳೆ ಚೊಂಬನ್ನು ಕಲ್ಲು ಚಪ್ಪಡಿಯ ಮೇಲೆ ಎತ್ತಿ ಹಾಕಿದಳು.

ಕೊಟ್ಟಿಗೆಯ ಹಸು ಬೆದರಿ ಹಗ್ಗ ಜಗ್ಗಿತು. ಅಮ್ಮ ಕಿವಿ ಮುಚ್ಚಿಕೊಂಡು ಕುಸಿದು ಕೂತಳು. ಪಕ್ಕದ ಚಾಪೆಯ ಮೇಲೆ ಎರಡೂ ಮಕ್ಕಳು ಮಲಗೇ ಇದ್ದವು.