ಯಾರ ಬಲ

"ಇದು ಯಾರ ಬಲ?"

ಪಂಚಶೀಲಾ ಯಾರನ್ನೂ ಕೇಳಲಿಲ್ಲ. ಕೈಯಲ್ಲಿದ್ದ ಚೀಟಿಯನ್ನೇ ದಿಟ್ಟಿಸುತ್ತ ತನ್ನಷ್ಟಕ್ಕೆ ಅಂದಳು. ಶಹಾಪುರದ ಕಣ್ಣಿನ ಆಸ್ಪತ್ರೆಯಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಪರೀಕ್ಷಿಸುವ ಕೆಲಸ ಅವಳದು. ಚೀಟಿಯಲ್ಲಿ "ಬಲಗಣ್ಣು. ಗುರುತು ಹತ್ತು ಡಿಗ್ರಿ ಬಲಕ್ಕ" ಎಂದು ಬರೆದಿತ್ತು. ಪರೀಕ್ಷೆಯ ಲೆನ್ಸ್ ಹಾಕಿ ನೋಡಿ ಹೀಗೆ ಬರೆದು, ಅದೇ ಲೆಕ್ಕದಲ್ಲಿ ಹೊಸ ಲೆನ್ಸ್ ತರಿಸಿದವನು ಸುರಪುರದಲ್ಲಿ ಕನ್ನಡಕದಂಗಡಿ ಇಟ್ಟಿದ್ದ ದೇವಿಂದ್ರಪ್ಪ. ಈಗ ಬಾಗಿಲ ಬಳಿ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ನಿಂತಿದ್ದ. ಕುರ್ಚಿಯಲ್ಲಿ ಅವನ ಅಕ್ಕನ ಮಗಳು ಸೌಭಾಗ್ಯ ಕೂತಿದ್ದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಯಾದಗಿರಿಯಲ್ಲಿ ಜಿಲ್ಲಾ ಕಬಡ್ಡಿ ತಂಡದ ಆಯ್ಕೆ. ಕನ್ನಡಕ ಹಾಕಿಕೊಂಡರೆ ಅಂಗಳಕ್ಕೆ ಬಿಡುವುದಿಲ್ಲ.

"ಎಡಗಣ್ಣು ಚೊಲೊ ಕಾಣಸ್ತದರಿ," ಎಂದಳು ಸೌಭಾಗ್ಯ. "ಬಲಗಣ್ಣಾಗ ಒಂದೊಂದು ಅಕ್ಷರಕ್ಕೂ ನೆರಳು. ಹಿಡಿಯಾಕ ಬಂದಾಕಿ ಕೈ ಎಲ್ಲದ ಅಂತ ತಿಳಿಯಂಗಿಲ್ಲ."

"ಎಡಗಣ್ಣಿಂದು ಸಾದಾ ಲೆನ್ಸ್," ಎಂದಳು ಪಂಚಶೀಲಾ. "ಎಲ್ಲಾ ಕಡಿ ಒಂದ ಪವರ್. ಕಣ್ಣಾಗ ಬುಗುರಿಯಂಗ ತಿರುಗಿದ್ರೂ ನಡೀತದ. ಬಲಗಣ್ಣಿಂದು ಹಂಗಲ್ಲವ್ವ. ನಿನ್ನ ಕಣ್ಣಿನ ಉಬ್ಬು ಒಂದು ಕಡಿ ಹೆಚ್ಚು, ಒಂದು ಕಡಿ ಕಡಿಮಿ. ಅದಕ್ಕ ಟೋರಿಕ್ ಲೆನ್ಸ್. ಅದರ ಪವರ್‌ಗೆ ದಿಕ್ಕದ. ದಿಕ್ಕು ತಪ್ಪಿದ್ರ ಪವರ್ ಇದ್ದೂ ಇಲ್ಲದಂಗ."

ಲೆನ್ಸ್ ಹಾಕಿ ಇಪ್ಪತ್ತು ನಿಮಿಷ ಕಳೆದಿತ್ತು. ಸಾದಾ ಲೆನ್ಸಾದರೆ ಸರಿಯಾಗಿ ಕೂತು ಅಲುಗುತ್ತದೆಯೇ ಎಂದು ನೋಡಿದರೆ ಸಾಕು. ಇದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಾದು ಅಳೆಯಬೇಕು. ಪಂಚಶೀಲಾ ದೀಪದ ಯಂತ್ರಕ್ಕೆ ಕಣ್ಣಿಟ್ಟಳು. ಲೆನ್ಸಿನ ಅಂಚಿನ ಸಣ್ಣ ಗುರುತು ಗಡಿಯಾರದ ಆರರ ಜಾಗದಲ್ಲಿರಬೇಕಿತ್ತು. ಅವಳ ಎಡಕ್ಕೆ ಹತ್ತು ಡಿಗ್ರಿ ಸರಿದು ನಿಂತಿತ್ತು.

ಅವಳ ಎಡ. ಸೌಭಾಗ್ಯಳ ಬಲ.

"ದೇವಿಂದ್ರಣ್ಣ, ಗುರುತು ಬಲಕ್ಕ ಅಂತ ಬರದೀರಲ್ಲ, ಯಾರ ಬಲಕ್ಕ?"

"ಯಾರ ಬಲ ಅಂದ್ರ? ಹುಡುಗೀದು. ಇಪ್ಪತ್ತು ವರ್ಷ ಫ್ರೇಮ್ ಕೂಡಿಸೇನಿ. ಬಲ ಅಂದ್ರ ಹಾಕ್ಕೊಳ್ಳೋರ ಬಲ. ನಮ್ಮ ಬಲ ಹಿಡದ್ರ ಊರ ಮಂದಿ ಕನ್ನಡಕೆಲ್ಲ ಅದಲು ಬದಲು!"

ನಕ್ಕವನು ಅವನೊಬ್ಬನೇ.

"ಫ್ರೇಮಿಗೆ ಅದು ಖರೆ. ಇಲ್ಲಿ ಗುರುತು ನೋಡೋರ ಎಡಕ್ಕ ಹೋದ್ರ ದಿಕ್ಕಿಗೆ ಅಷ್ಟು ಡಿಗ್ರಿ ಕೂಡಸಬೇಕು, ಬಲಕ್ಕ ಹೋದ್ರ ಕಳೀಬೇಕು. ಹುಡುಗಿ ನಂಬರಿನ ದಿಕ್ಕು ಇಪ್ಪತ್ತು ಡಿಗ್ರಿ. ಹತ್ತು ಕೂಡಿಸಿ ಮೂವತ್ತು ತರಸಬೇಕಿತ್ತು. ನೀವು ಬಲ ಅಂತ ಕಳದು ಹತ್ತು ತರಿಸೀರಿ. ಅದು ಕಣ್ಣಾಗ ಮತ್ತ ಹತ್ತು ಸರದು ಸೊನ್ನಿಗೆ ನಿಂತದ. ಇಪ್ಪತ್ತು ಡಿಗ್ರಿ ತಪ್ಪು. ಮೂರರಾಗ ಎರಡು ಪಾಲು ದೋಷ ಹಂಗೇ ಉಳದದ."

ದೇವಿಂದ್ರಪ್ಪನ ಕೈಯಲ್ಲಿದ್ದ ಟವೆಲ್ಲು ನಿಂತಿತು.

"ಮೂವತ್ತರದ್ದು ಇಲ್ಲದೇನ್ರಿ?" ಸೌಭಾಗ್ಯ ತಟ್ಟನೆ ಕೇಳಿದಳು.

"ತರಸಬೇಕು. ಐದು ದಿನ."

"ಇದನ್ನ ಬೆರಳಿಲೆ ತಿರುವಿಕೊಂಡು ಆಡ್ತೀನ್ರಿ!"

ಪಂಚಶೀಲಾ ಕೈ ತೊಳೆದು ಬಂದು ಲೆನ್ಸನ್ನು ಮೆಲ್ಲಗೆ ತಿರುಗಿಸಿದಳು. ಹಲಗೆಯ ಮೇಲಿನ ಅಕ್ಷರಗಳು ಸೌಭಾಗ್ಯಳಿಗೆ ಸ್ಪಷ್ಟವಾದವು. ಅವಳ ಮುಖ ಅರಳಿತು. "ಈಗ ಕಣ್ಣು ಪಿಳುಕಿಸು," ಎಂದಳು ಪಂಚಶೀಲಾ. ಒಂದು, ಎರಡು, ಐದು, ಎಂಟು. ಅಕ್ಷರಗಳ ಪಕ್ಕ ಮತ್ತೆ ನೆರಳು ಬಂದು ನಿಂತಿತು.

"ಕೆಳಗಿನ ಅಂಚು ದಪ್ಪ ಮಾಡಿರ್ತಾರ. ರೆಪ್ಪಿ ಒತ್ತಿ ಒತ್ತಿ ಅದನ್ನ ಅದರ ಜಾಗಕ್ಕ ತಂದು ನಿಲ್ಲಸ್ತದ. ನಿನ್ನ ಕಣ್ಣಾಗ ಅದರ ಜಾಗ ಅದೇ. ನೀ ಎಷ್ಟು ತಿರುವಿದ್ರೂ ಅಲ್ಲಿಗೇ ಬರ್ತದ."

ತಂಡದ ಆಯ್ಕೆ ಮಾಡುವ ಮೌನಪ್ಪ ಮಾಸ್ತರರಿಗೆ ಪಂಚಶೀಲಾ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ಆಚೆ ಸೀಟಿಯ ಸದ್ದಿತ್ತು. ಎರಡು ಮಾತು ಹೇಳುವುದರೊಳಗೆ ಅವರೇ ತಡೆದರು.

"ಕಣ್ಣಿಂದೇ ತೊಂದ್ರಿ ಇದ್ರ ನಾ ತಗೊಳ್ಳಂಗಿಲ್ಲ, ಮೊದಲ ಹೇಳ್ತೀನಿ. ಲೆನ್ಸ್ ತಪ್ಪು ಬಂದಿದ್ರ ಮಾತು ಬ್ಯಾರೆ. ಬರೇ ಲೆನ್ಸ್ ತಪ್ಪಂದ್ರ ಒಪ್ಪಂಗಿಲ್ಲ, ಯಾರು, ಹೆಂಗ ತಪ್ಪಿದ್ರು ಅಂತ ಬರೀರಿ. ಮುಂದಿನ ಐತವಾರ ಆಕಿ ಒಬ್ಬಾಕಿನ್ನ ಆಡಿಸಿ ನೋಡ್ತೀನಿ. ಹುಡುಗಿ ಸಹಿ ಬೇಕು."

ಫೋನ್ ಇಟ್ಟು ಪಂಚಶೀಲಾ ನಡೆದದ್ದನ್ನು ನಡೆದ ಹಾಗೆ ನಾಲ್ಕು ಸಾಲಿನಲ್ಲಿ ಬರೆದು ಕಾಗದವನ್ನು ಸೌಭಾಗ್ಯಳ ಮುಂದಿಟ್ಟಳು. ದೇವಿಂದ್ರಪ್ಪ ಬಗ್ಗಿ ಓದಿದ. ಮೂರನೆಯ ಸಾಲಿನಲ್ಲಿ ಅವನ ಅಂಗಡಿಯ ಹೆಸರಿತ್ತು.

"ಸೌಭಾಗ್ಯವ್ವ," ಅವನ ದನಿ ಇಳಿದಿತ್ತು. "ಇದು ಸುರಪುರಕ್ಕ ಮುಟ್ಟಿದ್ರ ನನ್ನ ಅಂಗಡಿ ಮೆಟ್ಟಲಾ ಯಾರು ಹತ್ತತಾರ? ನೀನ ಕಣ್ಣು ತಿಕ್ಕಿದಿ, ಕಣ್ಣು ಕೆಂಪಾತು ಅಂತ ಬರಸು. ನಿನ್ನ ಎತ್ತಿ ಆಡಿಸಿದ ಮಾವ ಕೇಳಾಕತ್ತೇನಿ."

"ಹಂಗ ಬರದ್ರ ಮಾಸ್ತರು ನನ್ನ ಹೆಸರು ಹೊಡೀತಾರ."

"ಬರೂ ವರ್ಷ ಮತ್ತ ಆಯ್ಕೆ ಇರ್ತದಲ್ಲವ್ವ. ಇದೊಂದು ಸಲ."

ಸೌಭಾಗ್ಯ ಪಂಚಶೀಲಾಳ ಕೈಯಿಂದ ಪೆನ್ನು ತೆಗೆದುಕೊಂಡಳು. ಬಲಗಣ್ಣು ಮುಚ್ಚಿ, ಚೆನ್ನಾಗಿ ಕಾಣುವ ಎಡಗಣ್ಣಿನಿಂದ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಕೆಳಗೆ ಸಹಿ ಹಾಕಿದಳು.

"ಬರಸಂಗಿಲ್ಲ, ಮಾವ."