ನಿನ್ನೆಯ ಭಂಗಿ

ಗಾಂಧಿ ಬಜಾರ್ ತಿರುವಿನಲ್ಲಿ ಆಟೊ ಚಾಲಕ ಕೈಲಾಸನ ಎಂಜಲನ್ನು ಮಾದಕವಸ್ತು ಪತ್ತೆಯ ಹೊಸ ಕಿಟ್‌ನಲ್ಲಿ ಪರೀಕ್ಷಿಸಿದೆ. ಗಾಂಜಾ ಪಾಸಿಟಿವ್ ಬಂತು. ನಿನ್ನೆ ಸಂಜೆ ಶಿವರಾತ್ರಿಯ ಭಂಗಿ, ಅದೇ ಗಾಂಜಾ ಸೊಪ್ಪಿನ ಪಾನಕ, ಕುಡಿದಿದ್ದನಂತೆ. ಪೊಲೀಸನಾದ ನಾನು ಬಿಡುತ್ತೇನೆಯೇ? ‘ಅಮಲಿನಲ್ಲಿ ಓಡಿಸುತ್ತಿದ್ದ’ ಎಂದು ಬರೆದು ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರ್ ಆಂಡಾಳ್ ಅವನ ಕಣ್ಣು ನೋಡಿದರು, ನೆಟ್ಟಗೆ ನಡೆಸಿದರು, ಒಂಟಿ ಕಾಲಲ್ಲಿ ನಿಲ್ಲಿಸಿದರು. ಅವನು ಅಲುಗಲಿಲ್ಲ.

“ಅಮಲಿನ ಲಕ್ಷಣ ಒಂದೂ ಇಲ್ಲ,” ಎಂದರು.

“ಕಿಟ್ಟೇ ಹೇಳ್ತಿದೆಯಲ್ಲ ಮೇಡಂ.”

“ಬಾಯಲ್ಲಿ ಇದೆ ಅಂತ ಹೇಳತ್ತೆ, ಅಷ್ಟೇ. ಈಗ ತಲೆಗೇರಿದೆಯಾ ಅಂತ ಅದಕ್ಕೆ ಗೊತ್ತಾಗಲ್ಲ. ನಿಮ್ಮ ಬಾಯಿ ಬೆಳ್ಳುಳ್ಳಿ ವಾಸನೆ ಹೊಡೀತಿದೆ. ಈಗ ಊಟ ಮಾಡ್ತಿದೀರಾ?”

ಬರೆದದ್ದನ್ನು ನಾನೇ ಹೊಡೆದುಹಾಕಿದೆ.

ಕೈಲಾಸ ಕೈಮುಗಿದ.

“ಕೈಮುಗೀಬೇಡ. ನಿನ್ನೆ ಕುಡಿದು ಓಡಿಸಿದ್ರೆ ನಿನ್ನ ವಿರುದ್ಧ ನಾನೇ ಬರೀತಿದ್ದೆ,” ಎಂದರು ಡಾಕ್ಟರ್.